ಹೆಚ್ಚಿದ ಹೋಳು ಕಂದಾಗುವ ಮುನ್ನ

ಸೇಬು ಹೆಚ್ಚಿದರೆ ನಿಂಬೆರಸ ಸವರುತ್ತೇವೆ. ಆಲೂಗಡ್ಡೆ ಹೆಚ್ಚಿದರೆ ನೀರಿಗೆ ಹಾಕುತ್ತೇವೆ. ಬಾಳೆದಿಂಡನ್ನೋ ಬಾಳೆಹೂವನ್ನೋ ಬಿಡಿಸಿ ಹೆಚ್ಚುವವರು ಮೊದಲೇ ಮಜ್ಜಿಗೆ ಬೆರೆಸಿದ ನೀರಿನ ಪಾತ್ರೆಯನ್ನು ಪಕ್ಕದಲ್ಲಿ ಇಟ್ಟುಕೊಂಡಿರುತ್ತಾರೆ. ಮೂರೂ ಹೋಳು ಕಪ್ಪಾಗದಿರಲೆಂದು ಮಾಡುವ ಉಪಾಯಗಳೇ. ಆದರೆ ಅವು ಕೆಲಸ ಮಾಡುವ ಬಗೆ ಒಂದೇ ಅಲ್ಲ. ನಿಂಬೆ ಸವರಿ ಬೆಳಿಗ್ಗೆ ಮಗುವಿನ ಡಬ್ಬಿಗೆ ಹಾಕಿದ ಸೇಬು ಮಧ್ಯಾಹ್ನದ ಹೊತ್ತಿಗೆ ಅಲ್ಲಲ್ಲಿ ಕಂದಾಗಿರುತ್ತದೆ. ರಾತ್ರಿಯಿಡೀ ನೀರಿನಲ್ಲಿ ಬೆಳ್ಳಗಿದ್ದ ಆಲೂಗಡ್ಡೆ, ಬಸಿದು ತಟ್ಟೆಗೆ ಹಾಕಿದ ಮೇಲೆ ಮೆಲ್ಲಗೆ ಕೆಂಪಡರುತ್ತದೆ. ಯಾವ ಉಪಾಯ ಏನನ್ನು ತಡೆಯುತ್ತದೆ, ಎಷ್ಟು ಹೊತ್ತು ತಡೆಯುತ್ತದೆ ಎಂಬುದು ತಿಳಿದರೆ ಇವೆರಡಕ್ಕೂ ಕಾರಣ ಸಿಗುತ್ತದೆ.

ಇಡೀ ಸೇಬು ವಾರಗಟ್ಟಲೆ ಒಳಗೆ ಬೆಳ್ಳಗೇ ಇರುತ್ತದೆ. ಕಂದಾಗಲು ಬೇಕಾದ ಮೂರು ಸಾಮಗ್ರಿಗಳಲ್ಲಿ ಎರಡು ಆಗಲೂ ಅದರೊಳಗೇ ಇವೆ, ಬೇರೆ ಬೇರೆ ಜಾಗಗಳಲ್ಲಿ. ಜೀವಕೋಶದ ಬಹುಭಾಗವನ್ನು ತುಂಬಿಕೊಂಡಿರುವ ರಸದ ಚೀಲದಲ್ಲಿ ಫಿನಾಲ್ ಎಂಬ ಗುಂಪಿನ ವಸ್ತುಗಳಿರುತ್ತವೆ. ಸೇಬಿನಲ್ಲಿ ಮುಖ್ಯವಾಗಿ ಕ್ಲೋರೋಜೆನಿಕ್ ಆಮ್ಲ ಮತ್ತು ಕ್ಯಾಟೆಚಿನ್‌ಗಳು. ಅದೇ ಕೋಶದಲ್ಲಿ ಪ್ಲಾಸ್ಟಿಡ್ ಎಂಬ ಪುಟ್ಟ ಕಣಗಳೊಳಗೆ ಪಾಲಿಫಿನಾಲ್ ಆಕ್ಸಿಡೇಸ್ ಎಂಬ ಕಿಣ್ವ ಇರುತ್ತದೆ. ಇದರ ನಡುವಿನಲ್ಲಿ ತಾಮ್ರದ ಪರಮಾಣುಗಳಿವೆ, ಕೆಲಸ ನಡೆಯುವುದು ಅಲ್ಲೇ. ಚಾಕು ಇಳಿದಾಗ ಅದರ ದಾರಿಯಲ್ಲಿದ್ದ ಕೋಶಗಳು ಒಡೆಯುತ್ತವೆ, ಒಳಗಿನ ಗೋಡೆಗಳು ಹರಿಯುತ್ತವೆ, ಕಿಣ್ವ ಫಿನಾಲ್‌ಗಳನ್ನು ಸೇರುತ್ತದೆ. ಮೂರನೆಯದಾಗಿ ಬೇಕಾದ ಆಮ್ಲಜನಕ ಹೊರಗಿನ ಗಾಳಿಯಿಂದ ಬರುತ್ತದೆ. ಮೂರೂ ಕೂಡಿದಾಗ ಫಿನಾಲ್ ಕ್ವಿನೋನ್ ಆಗಿ ಬದಲಾಗುತ್ತದೆ.

ಕಿಣ್ವದ ಪಾತ್ರ ಇಲ್ಲಿಗೆ ಮುಗಿಯಿತು ಎನ್ನುವುದನ್ನು ನೆನಪಿನಲ್ಲಿಡಬೇಕು. ಕ್ವಿನೋನ್‌ಗೆ ಇರುವುದು ತೆಳು ಹಳದಿ ಬಣ್ಣ. ಅದು ಸುಮ್ಮನಿರುವ ವಸ್ತುವಲ್ಲ. ಪಕ್ಕದ ಕ್ವಿನೋನ್‌ಗಳೊಂದಿಗೆ, ಫಿನಾಲ್‌ಗಳೊಂದಿಗೆ, ಪ್ರೋಟೀನ್‌ಗಳೊಂದಿಗೆ ತಾನಾಗಿಯೇ ಕೂಡಿಕೊಳ್ಳುತ್ತಾ ದೊಡ್ಡ ಅಣುಗಳಾಗಿ ಬೆಳೆಯುತ್ತದೆ. ಕಂದು ಬಣ್ಣ ಆ ದೊಡ್ಡ ಅಣುಗಳದ್ದು. ಹಾಗಾಗಿ ಕಂದಾಗುವುದರಲ್ಲಿ ಎರಡು ಹಂತಗಳಿವೆ: ಕಿಣ್ವ ಕ್ವಿನೋನ್ ತಯಾರಿಸುವುದು ಒಂದು, ಆ ಕ್ವಿನೋನ್ ಬೆಳೆದು ಬಣ್ಣವಾಗುವುದು ಇನ್ನೊಂದು. ಅಡುಗೆಮನೆಯ ಉಪಾಯಗಳಲ್ಲಿ ಕೆಲವು ಮೊದಲ ಹಂತವನ್ನು ಹಿಡಿಯುತ್ತವೆ, ಕೆಲವು ಎರಡನೆಯದನ್ನು ಮಾತ್ರ.

ಆಲೂಗಡ್ಡೆಯ ಕಥೆ ತುಸು ಬೇರೆ. ಅದರಲ್ಲೂ ಕ್ಲೋರೋಜೆನಿಕ್ ಆಮ್ಲ ಇದೆ, ಆದರೆ ಬಣ್ಣಕ್ಕೆ ಹೆಚ್ಚಿನ ಸಾಮಗ್ರಿ ಒದಗಿಸುವುದು ಟೈರೋಸಿನ್ ಎಂಬ ಅಮೈನೋ ಆಮ್ಲ. ಅದು ಕಿಣ್ವದ ಕೈಗೆ ಸಿಕ್ಕು ಮೊದಲು ಕೆಂಪು ಛಾಯೆಯ ವಸ್ತುವಾಗುತ್ತದೆ, ಆಮೇಲೆ ಕಂದು, ಕೊನೆಗೆ ಬೂದುಗಪ್ಪು. ತುರಿದಿಟ್ಟ ಆಲೂಗಡ್ಡೆಯನ್ನು ಗಮನಿಸಿದವರಿಗೆ ಈ ಮೂರು ಬಣ್ಣಗಳ ಸರದಿ ಗೊತ್ತೇ ಇರುತ್ತದೆ. ತುರಿದದ್ದು ಹೋಳಿಗಿಂತ ಬೇಗ ಕೆಂಪಾಗುತ್ತದೆ, ಏಕೆಂದರೆ ತುರಿಯುವಾಗ ಒಡೆಯುವ ಕೋಶಗಳು ಬಹಳ ಹೆಚ್ಚು. ಮೊಂಡು ಚಾಕುವಿನಲ್ಲಿ ಹೆಚ್ಚಿದ ಸೇಬು ಹರಿತ ಚಾಕುವಿನದಕ್ಕಿಂತ ಬೇಗ ಕಂದಾಗಲು ಕಾರಣವೂ ಇದೇ: ಮೊಂಡು ಅಲಗು ಕತ್ತರಿಸುವ ಬದಲು ಜಜ್ಜುತ್ತದೆ. ಕಬ್ಬಿಣದ ಈಳಿಗೆಮಣೆಯಲ್ಲಿ ಬಾಳೆಕಾಯಿ ಹೆಚ್ಚಿದಾಗ ಅಲಗಿನ ಮೇಲೆ ಮೂಡುವ ನೀಲಿಗಪ್ಪು ಮಾತ್ರ ಬೇರೆಯೇ ಬಣ್ಣ, ಅದು ಕಬ್ಬಿಣವೂ ಒಗರಿನ ಫಿನಾಲ್‌ಗಳೂ ಕೂಡಿ ಆದದ್ದು.

ಗಿಡ ಈ ಏರ್ಪಾಡನ್ನು ಇಟ್ಟುಕೊಂಡಿರುವುದು ತನ್ನ ರಕ್ಷಣೆಗೆ ಎಂದು ಸಸ್ಯವಿಜ್ಞಾನಿಗಳು ತಿಳಿಯುತ್ತಾರೆ. ಹುಳು ಕಚ್ಚಿದ ಕಡೆ ಹುಟ್ಟುವ ಕ್ವಿನೋನ್ ಎಲೆಯ ಪ್ರೋಟೀನ್‌ಗೆ ಅಂಟಿಕೊಂಡು ಅದನ್ನು ಹುಳುವಿಗೆ ದಕ್ಕದಂತೆ ಮಾಡುತ್ತದೆ. ನಮಗೂ ಎಲ್ಲ ಕಡೆ ಇದು ಬೇಡವಾದದ್ದಲ್ಲ. ಚಹಾ ಎಲೆಯನ್ನು ಹೊಸಕಿ ಗಾಳಿಗೆ ಹರವಿದಾಗ ಹಸಿರು ಹೋಗಿ ತಾಮ್ರದ ಬಣ್ಣ ಬರುವುದು ಇದೇ ಕಿಣ್ವದಿಂದ. ನಾವು ದಿನಾ ಕುಡಿಯುವ ಚಹಾದ ಬಣ್ಣ, ರುಚಿ ಎರಡೂ ಅದರ ಕೊಡುಗೆ.

ಮೊದಲು ನೀರಿನ ಉಪಾಯವನ್ನು ನೋಡೋಣ, ಅದು ಎಲ್ಲಕ್ಕಿಂತ ಸರಳ. ಒಂದು ಲೀಟರ್ ಗಾಳಿಯಲ್ಲಿ ಸುಮಾರು 275 ಮಿಲಿಗ್ರಾಂ ಆಮ್ಲಜನಕ ಇದೆ. ನಮ್ಮ ಹವೆಯ ಒಂದು ಲೀಟರ್ ನೀರಿನಲ್ಲಿ ಕರಗಿರುವುದು ಸುಮಾರು 8 ಮಿಲಿಗ್ರಾಂ. ಅದೂ ನೀರಿನೊಳಗೆ ಬಹಳ ನಿಧಾನವಾಗಿ ಸಾಗುತ್ತದೆ. ಮುಳುಗಿದ ಹೋಳಿನ ಸುತ್ತಲಿನ ಆಮ್ಲಜನಕ ತೀರಿದರೆ ಮತ್ತೆ ಬಂದು ಸೇರಲು ಹೊತ್ತು ಬೇಕು. ಜೊತೆಗೆ ಒಡೆದ ಕೋಶಗಳಿಂದ ಸುರಿದ ಟೈರೋಸಿನ್, ಕಿಣ್ವ ಎರಡನ್ನೂ ನೀರು ಸ್ವಲ್ಪ ತೊಳೆದುಹಾಕುತ್ತದೆ. ಆದರೆ ಕಿಣ್ವಕ್ಕೆ ನೀರು ಏನನ್ನೂ ಮಾಡಿಲ್ಲ. ಅದು ಕಾಯುತ್ತಾ ಇರುತ್ತದೆ, ನೀರು ಬಸಿದೊಡನೆ ಗಾಳಿ ಸಿಗುತ್ತದೆ. ಹಾಗಾಗಿ ಬಸಿದ ಆಲೂಗಡ್ಡೆ ತಡವಿಲ್ಲದೆ ಒಗ್ಗರಣೆಗೆ ಬೀಳಬೇಕು. ನೀರಿನ ಮೇಲೆ ತೇಲುವ, ಅಂಚು ಹೊರಗೆ ಚಾಚಿದ ಹೋಳು ಕಪ್ಪಾಗುವುದೂ ಇದರಿಂದಲೇ. ತಟ್ಟೆಯೊಂದನ್ನು ಮೇಲೆ ಹೇರಿ ಮುಳುಗಿಸಿಡಬೇಕು.

ಸೇಬಿಗೆ ನೀರು ಅಷ್ಟು ಒಗ್ಗುವುದಿಲ್ಲ. ಸಿಹಿ ಸೋರುತ್ತದೆ, ಹೋಳು ಸಪ್ಪೆಯಾಗಿ ಮೆತ್ತಗಾಗುತ್ತದೆ. ಗಾಳಿ ತಪ್ಪಿಸುವ ಇದೇ ತತ್ವವನ್ನು ಸೇಬಿಗೆ ಬೇರೆ ರೀತಿಯಲ್ಲಿ ಬಳಸಬಹುದು. ಹರಿತ ಚಾಕುವಿನಿಂದ ಹೋಳು ಮಾಡಿ, ಮತ್ತೆ ಇಡೀ ಹಣ್ಣಿನಂತೆ ಜೋಡಿಸಿ, ರಬ್ಬರ್‌ಬ್ಯಾಂಡ್ ಬಿಗಿದಿಟ್ಟರೆ ಕೊಯ್ದ ಮುಖಗಳು ಒಂದಕ್ಕೊಂದು ಅಂಟಿಕೊಂಡು ಗಾಳಿಗೆ ಎಡೆ ಕೊಡುವುದಿಲ್ಲ. ಯಾವ ರಸವೂ ಬೇಡದ ಈ ಉಪಾಯ ಕೆಲವು ತಾಸಿನ ಮಟ್ಟಿಗೆ ಚೆನ್ನಾಗಿ ನಡೆಯುತ್ತದೆ.

ಇನ್ನು ಹುಳಿ. ಪಾಲಿಫಿನಾಲ್ ಆಕ್ಸಿಡೇಸ್ ಚುರುಕಾಗಿರುವುದು ಹೆಚ್ಚು ಹುಳಿಯಿಲ್ಲದ ಕಡೆ, ಪಿಎಚ್ 5ರಿಂದ 7ರ ಆಸುಪಾಸಿನಲ್ಲಿ. ಪಿಎಚ್ 3ಕ್ಕಿಂತ ಕೆಳಗಿಳಿದರೆ ಅದು ಹೆಚ್ಚು ಕಡಿಮೆ ಸುಮ್ಮನಾಗುತ್ತದೆ. ಸೇಬಿನ ತಿರುಳು ತಾನೇ ಹುಳಿ, ಪಿಎಚ್ 3.5ರ ಸುತ್ತಮುತ್ತ. ಅದನ್ನು 3ರ ಕೆಳಗೆ ತರಲು ಸ್ವಲ್ಪ ನಿಂಬೆ ಸಾಕು. ಆಲೂಗಡ್ಡೆಯ ಪಿಎಚ್ 6ರ ಹತ್ತಿರ, ಅದನ್ನು ಅಷ್ಟು ದೂರ ಇಳಿಸಲು ಬಹಳ ಹುಳಿ ಬೇಕು, ಪಲ್ಯದ ರುಚಿಯೇ ಕೆಡುತ್ತದೆ. ಸೇಬಿಗೆ ನಿಂಬೆ, ಆಲೂಗಡ್ಡೆಗೆ ನೀರು ಎಂಬ ಮನೆಗಳ ರೂಢಿ ಹೀಗೆ ಸರಿಯಾಗಿಯೇ ಇದೆ. ನಿಂಬೆಯ ಸಿಟ್ರಿಕ್ ಆಮ್ಲಕ್ಕೆ ತಾಮ್ರವನ್ನು ಹಿಡಿದಿಟ್ಟುಕೊಳ್ಳುವ ಗುಣವೂ ಇರುವುದರಿಂದ ಕಿಣ್ವಕ್ಕೆ ಅಲ್ಲಿಯೂ ಅಡ್ಡಿ. ಮಜ್ಜಿಗೆನೀರಿನ ಹುಳಿ ನಿಂಬೆಯದಕ್ಕಿಂತ ಬಹಳ ಮೆದು, ಆದರೆ ಅದರಲ್ಲಿ ಹಾಲಿನ ಪ್ರೋಟೀನ್ ಇದೆ, ಅದು ಬಾಳೆಹೂವಿನ ಒಗರಿನ ಫಿನಾಲ್‌ಗಳನ್ನು ಹಿಡಿದುಕೊಳ್ಳುತ್ತದೆ. ಮುಳುಗಿಸಿದ ನೀರು ಗಾಳಿಯನ್ನು ತಡೆಯುತ್ತದೆ. ಹೀಗೆ ಮೂರು ಸಣ್ಣ ತಡೆಗಳು ಒಂದೇ ಪಾತ್ರೆಯಲ್ಲಿ ಸೇರಿವೆ.

ನಿಂಬೆನೀರು ಕೆಲವು ಮನೆಗಳಲ್ಲಿ ಫಲ ಕೊಟ್ಟು ಕೆಲವು ಮನೆಗಳಲ್ಲಿ ಕೊಡದಿರುವುದಕ್ಕೆ ಒಂದು ಕಾರಣವನ್ನು ಯಾರೂ ಹೇಳುವುದಿಲ್ಲ, ಅದು ನೀರಿನದು. ಒಂದು ನಿಂಬೆಹಣ್ಣಿನಲ್ಲಿ ಹದಿನೈದಿಪ್ಪತ್ತು ಮಿಲಿಲೀಟರ್ ರಸ, ಅದರಲ್ಲಿ ಸುಮಾರು ಒಂದು ಗ್ರಾಂ ಸಿಟ್ರಿಕ್ ಆಮ್ಲ. ಅದನ್ನು ಒಂದು ಲೀಟರ್ ಶುದ್ಧ ನೀರಿಗೆ ಹಿಂಡಿದರೆ ಪಿಎಚ್ 3ರ ಕೆಳಗೆ ಬರುತ್ತದೆ. ಆದರೆ ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕಟ್ಟುವಂಥ ಗಡಸು ಬೋರ್‌ವೆಲ್ ನೀರಾದರೆ ಅದರ ಬೈಕಾರ್ಬೊನೇಟ್ ಆ ಹುಳಿಯಲ್ಲಿ ಅರ್ಧದಷ್ಟನ್ನು ತಿಂದುಹಾಕಬಲ್ಲದು. ಆಗ ಪಿಎಚ್ 4ರ ಮೇಲೆಯೇ ನಿಲ್ಲುತ್ತದೆ, ಕಿಣ್ವ ಕೆಲಸ ಮುಂದುವರಿಸುತ್ತದೆ. ಬೆಂಗಳೂರು, ಕೋಲಾರದ ಕಡೆ ಬೋರ್‌ವೆಲ್ ನೀರು ಬಳಸುವವರು ಈ ಕೆಲಸಕ್ಕೆ ಫಿಲ್ಟರ್‌ನ ಆರ್‌ಒ ನೀರು ತೆಗೆದುಕೊಳ್ಳಬೇಕು, ಇಲ್ಲವೇ ನಿಂಬೆ ಹೆಚ್ಚು ಹಿಂಡಬೇಕು.

ನಿಂಬೆಯಲ್ಲಿ ವಿಟಮಿನ್ ಸಿ ಇರುವುದರಿಂದಲೇ ಅದು ಸೇಬನ್ನು ಕಾಯುತ್ತದೆ ಎಂದು ಹಲವರು ಹೇಳುತ್ತಾರೆ. ಅದು ಪೂರ್ತಿ ಸರಿಯಲ್ಲ. ನಿಂಬೆರಸದ 100 ಮಿಲಿಲೀಟರಿನಲ್ಲಿ ಇರುವ ವಿಟಮಿನ್ ಸಿ ಸುಮಾರು 40ರಿಂದ 50 ಮಿಲಿಗ್ರಾಂ. ಒಂದು ಹಣ್ಣಿನ ರಸಕ್ಕೆ ಅದು ಹತ್ತು ಮಿಲಿಗ್ರಾಂ ಮೀರುವುದಿಲ್ಲ. ನಿಂಬೆ ನಡೆಸುವ ಕೆಲಸದಲ್ಲಿ ಹೆಚ್ಚು ಪಾಲು ಹುಳಿಯದು. ವಿಟಮಿನ್ ಸಿಯ ನಿಜವಾದ ಕೈಚಳಕ ನೋಡಬೇಕಾದರೆ ಅದನ್ನೇ ನೇರವಾಗಿ ಬಳಸಬೇಕು.

ಆ ವಸ್ತು ಮನುಷ್ಯನ ಕಣ್ಣಿಗೆ ಬಿದ್ದದ್ದೂ ಕಂದಾಗುವಿಕೆಯ ದಾರಿಯಲ್ಲೇ. ಹಂಗೇರಿಯ ಆಲ್ಬರ್ಟ್ ಸೆಂಟ್ ಜಾರ್ಜಿ 1920ರ ದಶಕದಲ್ಲಿ ಕೆಲವು ಗಿಡಗಳು ಗಾಯವಾದರೆ ಕಪ್ಪಾಗುತ್ತವೆ, ಕಿತ್ತಳೆ, ನಿಂಬೆಯಂಥವು ಆಗುವುದಿಲ್ಲ, ಏಕೆ ಎಂದು ಹುಡುಕುತ್ತಿದ್ದರು. ಮೊದಲು ಆಲೂಗಡ್ಡೆಯನ್ನು ಹಿಡಿದರು. ಆಮೇಲೆ ಕಪ್ಪಾಗದ ಗಿಡಗಳ ಕಡೆ ತಿರುಗಿದರು. ಬೆನ್ಜಿಡೀನ್ ಎಂಬ ವಸ್ತುವಿಗೆ ಪೆರಾಕ್ಸೈಡನ್ನೂ ಗಿಡದಿಂದ ತೆಗೆದ ಪೆರಾಕ್ಸಿಡೇಸ್ ಕಿಣ್ವವನ್ನೂ ಬೆರೆಸಿದರೆ ಥಟ್ಟನೆ ಗಾಢ ನೀಲಿ ಬರುತ್ತದೆ. ಶುದ್ಧ ಕಿಣ್ವದ ಬದಲು ನಿಂಬೆಜಾತಿಯ ಹಣ್ಣಿನ ರಸವನ್ನು ಹಾಗೇ ಹಾಕಿದಾಗ ನೀಲಿ ಬಂತು, ಆದರೆ ಕ್ಷಣಕಾಲ ತಡವಾಗಿ. ಬಣ್ಣವನ್ನು ಹುಟ್ಟಿದ ಹಾಗೇ ಅಳಿಸುವ ಏನೋ ಒಂದು ರಸದಲ್ಲಿದೆ, ಅದು ಮುಗಿಯುವವರೆಗೆ ನೀಲಿ ಕಾಣುವುದಿಲ್ಲ ಎಂದು ಅವರು ಅರ್ಥಮಾಡಿಕೊಂಡರು. ಕೇಂಬ್ರಿಡ್ಜಿನಲ್ಲಿ ಆ ವಸ್ತುವನ್ನು ಬೇರ್ಪಡಿಸಿ 1928ರಲ್ಲಿ ಪ್ರಕಟಿಸಿದರು. ಅದೇ ವಿಟಮಿನ್ ಸಿ ಎಂದು 1932ರಲ್ಲಿ ತಿಳಿಯಿತು. 1937ರ ನೊಬೆಲ್ ಪ್ರಶಸ್ತಿ ಬಂದದ್ದು ಈ ದಾರಿಯ ಸಂಶೋಧನೆಗಳಿಗೆ. ಈ ವಸ್ತುವಿಗೆ ಆಸ್ಕಾರ್ಬಿಕ್ ಆಮ್ಲ ಎಂಬ ರಾಸಾಯನಿಕ ಹೆಸರೂ ಇದೆ.

ಅವರು ಕಂಡ ಆ ಕ್ಷಣದ ವಿಳಂಬವೇ ನಮ್ಮ ಸೇಬಿನ ಹೋಳಿನ ಮೇಲೆ ತಾಸುಗಳ ವಿಳಂಬವಾಗುತ್ತದೆ. ಆಸ್ಕಾರ್ಬಿಕ್ ಆಮ್ಲ ಮುಖ್ಯವಾಗಿ ಮಾಡುವುದು ಕಿಣ್ವವನ್ನು ತಡೆಯುವುದಲ್ಲ, ಕಿಣ್ವ ತಯಾರಿಸಿದ ಕ್ವಿನೋನನ್ನು ಮತ್ತೆ ಫಿನಾಲ್ ಮಾಡುವುದು. ಕಿಣ್ವ ಮುಂದೆ ತಳ್ಳುತ್ತದೆ, ಇದು ಹಿಂದೆ ಎಳೆಯುತ್ತದೆ. ಪ್ರತಿ ಸಲ ಎಳೆದಾಗಲೂ ಅದರ ಒಂದೊಂದು ಅಣು ಖರ್ಚು. ನಲ್ಲಿ ನಿಲ್ಲಿಸದೆ ತೊಟ್ಟಿಯ ನೀರನ್ನು ಚೊಂಬಿನಿಂದ ಮೊಗೆದು ಹೊರಹಾಕಿದ ಹಾಗೆ: ಮೊಗೆಯುವವರೆಗೆ ಏನೂ ಕಾಣುವುದಿಲ್ಲ, ಕೈ ನಿಂತೊಡನೆ ತುಂಬಿ ಹರಿಯುತ್ತದೆ. ಇದರಿಂದ ಎರಡು ವಿಷಯ ಹೊರಡುತ್ತವೆ. ಒಂದು, ಎಷ್ಟು ಹೊತ್ತು ಬೇಕೋ ಅದಕ್ಕೆ ತಕ್ಕಷ್ಟು ಹಾಕಬೇಕು, ಒಂದು ಚಿಟಿಕೆ ಹಾಕಿ ಇಡೀ ದಿನ ನಿರೀಕ್ಷಿಸಬಾರದು. ಎರಡು, ಬಣ್ಣ ಬರುವ ಮೊದಲೇ ಹಾಕಬೇಕು. ಆಗಷ್ಟೇ ಹಳದಿಗೆ ತಿರುಗುತ್ತಿರುವ ಹೋಳನ್ನು ಅದ್ದಿದರೆ ತುಸು ತಿಳಿಯಾಗಬಹುದು, ದೊಡ್ಡ ಅಣುಗಳಾಗಿ ಕಂದು ಕಟ್ಟಿದ ಮೇಲೆ ಹಿಂದಿರುಗುವ ದಾರಿಯಿಲ್ಲ.

ಡಬ್ಬಿಯ ಸೇಬನ್ನೇ ಲೆಕ್ಕ ಹಿಡಿದು ನೋಡೋಣ. ಬೆಳಿಗ್ಗೆ ಏಳಕ್ಕೆ ಹೆಚ್ಚಿ, ಮಧ್ಯಾಹ್ನ ಒಂದರವರೆಗೆ ಬೆಳ್ಳಗಿರಬೇಕು. ಅರ್ಧ ಲೀಟರ್ ಆರ್‌ಒ ನೀರಿಗೆ 2 ಗ್ರಾಂ ಆಸ್ಕಾರ್ಬಿಕ್ ಆಮ್ಲ, ಅಂದರೆ ಸುಮಾರು ಅರ್ಧ ಟೀ ಚಮಚ. ಬೇಕರಿ ಸಾಮಾನಿನ ಅಂಗಡಿಗಳಲ್ಲಿ ಆಹಾರಕ್ಕೆ ಬಳಸುವ ದರ್ಜೆಯ ಪುಡಿ ದೊರೆಯುತ್ತದೆ. ಔಷಧದ ಅಂಗಡಿಯ ಚೀಪುವ ಮಾತ್ರೆಗಳು ಬೇಡ, ಅವುಗಳಲ್ಲಿ ಸಾಮಾನ್ಯವಾಗಿ ಬಣ್ಣ, ಸಕ್ಕರೆ, ಕಿತ್ತಳೆಯ ವಾಸನೆ ಸೇರಿರುತ್ತವೆ. ಈ ನೀರನ್ನು ಮೊದಲೇ ಸಿದ್ಧ ಮಾಡಿಟ್ಟುಕೊಂಡು, ಸೇಬನ್ನು ಹೆಚ್ಚುತ್ತಾ ಹೆಚ್ಚುತ್ತಾ ನೇರ ಅದಕ್ಕೇ ಬೀಳಿಸಬೇಕು. ಐದು ನಿಮಿಷ ಸಾಕು. ಮೇಲೆತ್ತಿ ಬಸಿಯಬೇಕು, ಬೇರೆ ನೀರಿನಲ್ಲಿ ತೊಳೆಯಬಾರದು, ಏಕೆಂದರೆ ನಮಗೆ ಬೇಕಾದದ್ದು ಹೋಳಿನ ಮೈಮೇಲೆ ಉಳಿದಿರುವುದೇ. ಬಟ್ಟೆಯ ಮೇಲೆ ಹಗುರಾಗಿ ಒತ್ತಿ, ಹೋಳು ತುಂಬುವಷ್ಟೇ ಸಣ್ಣ ಡಬ್ಬಿಗೆ ಹಾಕಬೇಕು. ದೊಡ್ಡ ಡಬ್ಬಿಯಲ್ಲಿ ನಾಲ್ಕು ಹೋಳು ಇಟ್ಟರೆ ಉಳಿದ ಜಾಗದಲ್ಲೆಲ್ಲ ಗಾಳಿ ಇರುತ್ತದೆ. ನಿಂಬೆರಸ ಸವರಿದ್ದು ಸೋಲುವುದು ಎಲ್ಲಿ ಎನ್ನುವುದೂ ಈಗ ಕಾಣುತ್ತದೆ: ರಸ ಎಲ್ಲ ಕಡೆ ಸಮನಾಗಿ ಹತ್ತುವುದಿಲ್ಲ, ಜಾರಿ ತಳ ಸೇರುತ್ತದೆ, ಹೋಳಿನೊಳಗಿನ ರಸ ಮೇಲೆ ಬಂದು ಹುಳಿಯನ್ನು ತೆಳುವಾಗಿಸುತ್ತದೆ.

ಫಲ ಸಿಕ್ಕಿತೇ ಎಂದು ತಿಳಿಯಲು ಅದ್ದದ ಒಂದು ಹೋಳನ್ನು ಪಕ್ಕದಲ್ಲಿಟ್ಟುಕೊಳ್ಳಬೇಕು. ಸೇಬಿನ ತಳಿಗಳ ನಡುವೆ ಬಹಳ ವ್ಯತ್ಯಾಸವಿದೆ. ಹಸಿರು ಗ್ರ್ಯಾನಿ ಸ್ಮಿತ್ ನಿಧಾನ, ಕೆಂಪು ಡೆಲಿಷಿಯಸ್ ಬೇಗ. ಆ ಒಂದು ಹೋಳಿಲ್ಲದೆ, ಗೆದ್ದದ್ದು ಉಪಾಯವೋ ತಳಿಯೋ ಹೇಳಲಾಗದು. ಅದ್ದಿದ ಹೋಳಿನಲ್ಲಿ ಮೊದಲು ಕಂದಾಗುವುದು ಬೆರಳು ಒತ್ತಿದ ಗುರುತುಗಳು. ಅಲ್ಲಿ ಒಡೆದ ಕೋಶಗಳು ಆಳದಲ್ಲಿರುತ್ತವೆ, ದ್ರಾವಣ ಅಷ್ಟು ಕೆಳಗೆ ಇಳಿದಿರುವುದಿಲ್ಲ.

ಪ್ಯಾಕೆಟ್ಟಿನಲ್ಲಿ ಸೇಬಿನ ಹೋಳು ಮಾರುವ ಉದ್ಯಮ ಅಮೆರಿಕದಲ್ಲಿ ಬೆಳೆದದ್ದು ಇದೇ ಅಣುವಿನ ಇನ್ನೊಂದು ರೂಪದಿಂದ, ಕ್ಯಾಲ್ಸಿಯಂ ಆಸ್ಕಾರ್ಬೇಟ್‌ನಿಂದ. ಆಸ್ಕಾರ್ಬೇಟ್ ಬಣ್ಣವನ್ನು ಹಿಂದೆಳೆಯುತ್ತದೆ, ಕ್ಯಾಲ್ಸಿಯಂ ಕೋಶಗಳ ನಡುವಿನ ಪೆಕ್ಟಿನ್ ಅನ್ನು ಬಿಗಿದು ಹೋಳನ್ನು ಗರಿಗರಿಯಾಗಿ ಇಡುತ್ತದೆ. ಶೀತದಲ್ಲಿಟ್ಟರೆ ಎರಡು ವಾರದ ಮೇಲೂ ಹೋಳು ಬೆಳ್ಳಗಿರುತ್ತದೆ.

ಕಿಣ್ವವನ್ನೇ ಮುಗಿಸಿಬಿಡುವುದು ಬಿಸಿ. ಆಲೂಗಡ್ಡೆಯನ್ನು ಫ್ರೀಜರ್‌ನಲ್ಲಿಡುವವರಿಗೆ ಇದು ಅನಿವಾರ್ಯ. ಹಸಿ ಹೋಳನ್ನು ಹಾಗೇ ಫ್ರೀಜರ್‌ಗೆ ಹಾಕಿದರೆ ಮಂಜಿನ ಹರಳುಗಳು ಒಳಗಿನ ಕೋಶಗಳನ್ನೆಲ್ಲ ಒಡೆಯುತ್ತವೆ. ಚಾಕು ಒಡೆದದ್ದು ಮೇಲ್ಮೈಯನ್ನು ಮಾತ್ರ, ಮಂಜು ಒಡೆಯುವುದು ಇಡೀ ಹೋಳನ್ನು. ಕರಗಿಸಿದಾಗ ಅದು ಒಳಗಿನಿಂದಲೇ ಬೂದುಗಪ್ಪಾಗುತ್ತದೆ. ಅದಕ್ಕೆ ಮೊದಲು ಒಂದು ಸೆಂಟಿಮೀಟರಿನ ಹೋಳುಗಳನ್ನು ಚೆನ್ನಾಗಿ ಕುದಿಯುವ ನೀರಿಗೆ ಸ್ವಲ್ಪಸ್ವಲ್ಪವಾಗಿ ಹಾಕಿ ಮೂರರಿಂದ ಐದು ನಿಮಿಷ ಇಟ್ಟು, ತೆಗೆದೊಡನೆ ಐಸ್ ನೀರಿಗೆ ಹಾಕಬೇಕು. ಒಮ್ಮೆಗೇ ರಾಶಿ ಹೋಳು ಸುರಿದು ಕುದಿ ನಿಂತುಹೋದರೆ ಕೆಲಸ ಕೆಡುತ್ತದೆ. ಅರೆಬಿಸಿ ಕೋಶದ ಗೋಡೆಗಳನ್ನು ಸಡಿಲಿಸುತ್ತದೆ, ಕಿಣ್ವವನ್ನು ಉಳಿಸುತ್ತದೆ, ಅಂಥ ಹೋಳು ಹಸಿಯದಕ್ಕಿಂತಲೂ ಬೇಗ ಕಪ್ಪಾಗಬಲ್ಲದು. ಪರೀಕ್ಷೆ ಸುಲಭ. ತಣಿದ ಹೋಳೊಂದನ್ನು ನಡುವೆ ಕತ್ತರಿಸಿ ಅರ್ಧ ಗಂಟೆ ಗಾಳಿಗಿಡಿ. ನಡುವೆ ಕೆಂಪು ಅಥವಾ ಬೂದು ಚುಕ್ಕೆ ಮೂಡಿದರೆ ಬಿಸಿ ಅಲ್ಲಿಯವರೆಗೆ ತಲುಪಿಲ್ಲ, ಮುಂದಿನ ತಂಡಕ್ಕೆ ಒಂದು ನಿಮಿಷ ಹೆಚ್ಚು ಕೊಡಬೇಕು.

ಸಲ್ಫೈಟ್ ಎಲ್ಲಕ್ಕಿಂತ ಬಲವಾದ ಔಷಧ, ಕಿಣ್ವವನ್ನೂ ಹಿಡಿಯುತ್ತದೆ, ಕ್ವಿನೋನನ್ನೂ ಹಿಡಿಯುತ್ತದೆ. ಮನೆಯಲ್ಲಿ ಸ್ಕ್ವಾಶ್ ಮಾಡುವವರಿಗೆ ಕೆಎಂಎಸ್ ಎಂದು ಪರಿಚಯವಿರುವ ಪುಡಿ ಇದೇ ಕುಲದ್ದು. ಆದರೆ ಆಸ್ತಮಾ ಇರುವ ಕೆಲವರಿಗೆ ಅದು ಉಸಿರು ಕಟ್ಟಿಸುತ್ತದೆ. ಹೋಟೆಲಿನ ಸಲಾಡ್‌ಗಳಲ್ಲಿ ಅದನ್ನು ತಿಂದು ಸಾವುಗಳಾದ ಮೇಲೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 1986ರಲ್ಲಿ ಹಸಿಯಾಗಿ ತಿನ್ನುವ ಹಣ್ಣು ತರಕಾರಿಗಳಿಗೆ ಅದನ್ನು ಬಳಸುವುದನ್ನು ನಿಷೇಧಿಸಿತು. ಹೆಚ್ಚಿದ ಹೋಳಿಗೆ ಮನೆಯಲ್ಲಿ ಅದನ್ನು ಬಳಸುವ ಅಗತ್ಯ ನನಗೆ ಕಾಣುವುದಿಲ್ಲ. ಅದರಲ್ಲಿ ಇನ್ನೊಂದು ಅಪಾಯವೂ ಇದೆ. ಸುಲಿದ ಆಲೂಗಡ್ಡೆಯನ್ನು ಸಲ್ಫೈಟಿನಲ್ಲಿ ಅದ್ದಿ, ಗಾಳಿ ತೆಗೆದ ಚೀಲದಲ್ಲಿ ಹೊರಗೇ ಇಟ್ಟರೆ ಬಣ್ಣ ಕೆಡದೆ ಇರುತ್ತದೆ, ಗಾಳಿಯಿಲ್ಲದ ಕಡೆ ಬೆಳೆಯುವ ಬಾಟುಲಿನಮ್ ಬ್ಯಾಕ್ಟೀರಿಯಾ ಒಳಗೆ ವಿಷ ಮಾಡಿರಬಹುದು. ಬೆಳ್ಳಗಿದೆ ಎಂದ ಮಾತ್ರಕ್ಕೆ ತಾಜಾ ಎಂದಲ್ಲ. ನೀರಿನಲ್ಲಿಟ್ಟ ಆಲೂಗಡ್ಡೆಗೂ ಈ ಮಾತು ಅನ್ವಯಿಸುತ್ತದೆ, ಬೇಸಿಗೆಯಲ್ಲಿ ಅದು ಫ್ರಿಜ್ಜಿನೊಳಗೇ ಇರಬೇಕು.

ಕೆನಡಾದ ಬ್ರಿಟಿಷ್ ಕೊಲಂಬಿಯಾದ ಒಂದು ಕಂಪನಿ ಸಮಸ್ಯೆಯ ಬುಡಕ್ಕೇ ಕೈಹಾಕಿತು. ಆರ್ಕ್ಟಿಕ್ ಎಂಬ ಹೆಸರಿನ ಅದರ ಸೇಬುಗಳಲ್ಲಿ ಪಾಲಿಫಿನಾಲ್ ಆಕ್ಸಿಡೇಸ್‌ನ ವಂಶವಾಹಿಗಳನ್ನು ಮೌನಗೊಳಿಸಲಾಗಿದೆ, ಕಿಣ್ವ ಹುಟ್ಟುವುದೇ ಅತ್ಯಲ್ಪ. 2015ರಲ್ಲಿ ಅಮೆರಿಕ, ಕೆನಡಾ ಎರಡೂ ದೇಶಗಳು ಅದಕ್ಕೆ ಒಪ್ಪಿಗೆ ಕೊಟ್ಟವು. ಅದರ ಹೋಳು ಕಂದಾಗುವುದಿಲ್ಲ, ಆದರೆ ಎಲ್ಲ ಹಣ್ಣಿನಂತೆ ಒಣಗುತ್ತದೆ, ಕೊಳೆಯುತ್ತದೆ. ಅದನ್ನು ತಿನ್ನುವವರು ಬಣ್ಣವನ್ನು ಬಿಟ್ಟು ಮೂಗು ನಾಲಿಗೆಗಳಿಂದಲೇ ತಾಜಾತನ ಅಳೆಯಬೇಕಾಗುತ್ತದೆ.

ಇಷ್ಟೆಲ್ಲ ತಿಳಿದವರನ್ನೂ ಗಲಿಬಿಲಿಗೊಳಿಸುವ ಒಂದು ಕಪ್ಪು ಇದೆ. ಆಲೂಗಡ್ಡೆ ಚೆನ್ನಾಗಿ ಬೆಂದಿದೆ, ಕಿಣ್ವ ಸತ್ತಿದೆ, ಆದರೂ ಸಿಪ್ಪೆ ಸುಲಿದು ತಣಿಯಲು ಬಿಟ್ಟಾಗ ಮೈಮೇಲೆ ನೀಲಿ ಬೆರೆತ ಬೂದು ಬಣ್ಣ ಏರುತ್ತದೆ, ಬಳ್ಳಿಗೆ ಅಂಟಿದ್ದ ತುದಿಯಲ್ಲಿ ಹೆಚ್ಚು. ಇದಕ್ಕೆ ಕಿಣ್ವ ಕಾರಣವಲ್ಲ. ಬೇಯುವಾಗ ಆಲೂಗಡ್ಡೆಯೊಳಗಿನ ಕಬ್ಬಿಣವೂ ಕ್ಲೋರೋಜೆನಿಕ್ ಆಮ್ಲವೂ ಬಣ್ಣವಿಲ್ಲದ ಜೋಡಿಯಾಗಿ ಕೂಡಿರುತ್ತವೆ, ತಣಿಯುವಾಗ ಗಾಳಿ ತಾಗಿ ಆ ಜೋಡಿಗೆ ಬಣ್ಣ ಬರುತ್ತದೆ. ಆಲೂಗಡ್ಡೆಯಲ್ಲೇ ಇರುವ ಸಿಟ್ರಿಕ್ ಆಮ್ಲ ಕಬ್ಬಿಣವನ್ನು ತಾನು ಹಿಡಿದುಕೊಂಡು ಇದನ್ನು ತಡೆಯುತ್ತದೆ, ಬಳ್ಳಿಯ ತುದಿಯಲ್ಲಿ ಅದು ಕಡಿಮೆ. ತಿನ್ನಲು ತೊಂದರೆಯಿಲ್ಲ, ನೋಡಲು ಚೆನ್ನಾಗಿರುವುದಿಲ್ಲ ಅಷ್ಟೆ. ಹೆಚ್ಚಿದ ಹೋಳನ್ನು ಎಷ್ಟು ಹೊತ್ತು ನೀರಿನಲ್ಲಿ ಮುಳುಗಿಸಿದರೂ ಇದು ಹೋಗದು. ಅರ್ಧ ಬೆಂದ ಮೇಲೆ ಕುದಿಯುವ ನೀರಿಗೆ ಒಂದೆರಡು ಚಮಚ ನಿಂಬೆರಸ ಸೇರಿಸಬೇಕು. ಮೊದಲಿಗೇ ಸೇರಿಸಿದರೆ ಹುಳಿಗೆ ಆಲೂಗಡ್ಡೆ ಗಟ್ಟಿಯಾಗಿ ಉಳಿದು ಬೇಯಲು ತಡವಾಗುತ್ತದೆ.